ಚಾರಣಕ್ಕೆ ಯಾವ ವಾಚು? ಡಬ್ಬಿ ಮೇಲಿನ ದಿನ ಬೇಡ, ಗಂಟೆ ನೋಡಿ

ಪ್ರಶ್ನೆ: ಸರ್, ವರ್ಷಕ್ಕೆ ಮೂರ್ನಾಲ್ಕು ಸಲ ಘಟ್ಟದ ಕಡೆ ಟ್ರೆಕ್ ಹೋಗ್ತೀನಿ. ನವೆಂಬರ್‌ನಲ್ಲಿ ಕುಮಾರ ಪರ್ವತ, ಮುಂದಿನ ಮೇ ತಿಂಗಳಲ್ಲಿ ಹಿಮಾಲಯದಲ್ಲಿ ಎಂಟು ದಿನದ ರೂಪಿನ್ ಪಾಸ್. ಗಟ್ಟಿಮುಟ್ಟಾದ ವಾಚ್ ಬೇಕು. ಅಮೇಜ್‌ಫಿಟ್ ಟಿ-ರೆಕ್ಸ್ 3 ಮತ್ತು ಗಾರ್ಮಿನ್ ಇನ್‌ಸ್ಟಿಂಕ್ಟ್ 2ಎಕ್ಸ್ ಸೋಲಾರ್ ಮಧ್ಯೆ ತಲೆ ಕೆಟ್ಟಿದೆ. ಒಂದಕ್ಕೆ 27 ದಿನ ಬ್ಯಾಟರಿ, ಇನ್ನೊಂದಕ್ಕೆ 40 ದಿನ ಅಂತಾರೆ. ಸ್ಕ್ರೀನ್ ಮಾತ್ರ ಮೊದಲನೆಯದು ಚೆಂದ. ಯಾವುದು ತಗೊಳ್ಲಿ?

ಉತ್ತರ: ಮೊದಲು ಆ 27 ಮತ್ತು 40 ಎರಡನ್ನೂ ಮರೆತುಬಿಡಿ. ಅವು ಆಫೀಸಿಗೆ ಕಟ್ಟಿಕೊಂಡು ಹೋದರೆ ಬರುವ ದಿನಗಳು. ಚಾರಣದಲ್ಲಿ ಜಿಪಿಎಸ್ ಚಾಲೂ ಇರುತ್ತದೆ, ಆಗ ಲೆಕ್ಕ ಗಂಟೆಯಲ್ಲಿ. ಕಂಪನಿಯ ವಿವರಗಳಲ್ಲಿ ಹುಡುಕಿ ನೋಡಿ: ಟಿ-ರೆಕ್ಸ್ 3ಗೆ 42 ಗಂಟೆ, 2ಎಕ್ಸ್‌ಗೆ ಬಿಸಿಲಿನ ನೆರವಿಲ್ಲದೆ 60 ಗಂಟೆ. ಈ 60 ಕೂಡ ಬರೀ ಜಿಪಿಎಸ್ ಇಟ್ಟಾಗ ಮಾತ್ರ. ದಟ್ಟ ಕಾಡಿನಲ್ಲಿ ಜಾಗ ಸರಿಯಾಗಿ ತೋರಿಸಲಿ ಅಂತ ಮಲ್ಟಿಬ್ಯಾಂಡ್, ಅಂದರೆ ಉಪಗ್ರಹದ ಸಿಗ್ನಲ್ಲನ್ನು ಒಂದಕ್ಕಿಂತ ಹೆಚ್ಚು ತರಂಗಾಂತರದಲ್ಲಿ ಹಿಡಿಯುವ ವ್ಯವಸ್ಥೆ, ಹಾಕಿದರೆ ಅದರ ಅರ್ಧವೂ ಸಿಗುವುದಿಲ್ಲ.

ಈ ಗಂಟೆಗಳಲ್ಲೂ ನಾನು ಮೂರನೇ ಒಂದು ಭಾಗ ಕಡಿದುಬಿಡುತ್ತೇನೆ. ಪದೇ ಪದೇ ಸ್ಕ್ರೀನ್ ನೋಡುವುದು, ಚಳಿ, ಒಂದೆರಡು ವರ್ಷದಲ್ಲಿ ಬ್ಯಾಟರಿ ಸವೆಯುವುದು, ಎಲ್ಲಾ ಅದರಲ್ಲಿ ಬಂತು. ಆಗ ಟಿ-ರೆಕ್ಸ್‌ಗೆ ಉಳಿಯುವುದು 28 ಗಂಟೆ, 2ಎಕ್ಸ್‌ಗೆ 40. ರೂಪಿನ್‌ನಲ್ಲಿ ದಿನಕ್ಕೆ ಏಳು ಗಂಟೆ ನಡಿಗೆ ಅಂತ ಇಟ್ಟುಕೊಳ್ಳಿ. ಟಿ-ರೆಕ್ಸ್‌ನಲ್ಲಿ ದಿನಕ್ಕೆ ಕಾಲು ಭಾಗ ಬ್ಯಾಟರಿ ನಡಿಗೆಗೇ ಹೋಯಿತು, ರಾತ್ರಿಯ ಖರ್ಚು ಸೇರಿಸಿದರೆ ಮೂರೂವರೆ ದಿನಕ್ಕೆ ಖಾಲಿ. 2ಎಕ್ಸ್ ಐದು ದಿನ ಎಳೆಯುತ್ತದೆ. ಅಂದರೆ ಎಂಟು ದಿನ ಎರಡೂ ಮುಟ್ಟುವುದಿಲ್ಲ, ಅಲ್ವಾ? ಒಂದಕ್ಕೆ ಎರಡು ಸಲ ಚಾರ್ಜ್ ಬೇಕು, ಇನ್ನೊಂದಕ್ಕೆ ಒಂದು ಸಲ. ಫೋನಿಗೋಸ್ಕರ ಹೇಗೂ 10,000 ಎಂಎಎಚ್ ಪವರ್ ಬ್ಯಾಂಕ್ ಹೊರುತ್ತೀರಿ. ಟಿ-ರೆಕ್ಸ್‌ನ ಬ್ಯಾಟರಿ ಬರೀ 700 ಎಂಎಎಚ್. ಎರಡು ಸಲ ತುಂಬಿಸಿದರೂ ಪವರ್ ಬ್ಯಾಂಕಿಗೆ ಗೊತ್ತೇ ಆಗುವುದಿಲ್ಲ. ಚಾರ್ಜರ್ ಮಾತ್ರ ಮರೆಯಬೇಡಿ, ಎರಡೂ ವಾಚಿಗೆ ಅವುಗಳದ್ದೇ ಬೇರೆ ಚಾರ್ಜರ್. ಟೆಂಟಿನಲ್ಲಿ ಯಾರ ಹತ್ತಿರವೂ ಸಾಲ ಸಿಗುವ ವಸ್ತು ಅಲ್ಲ ಅದು. ರಾತ್ರಿ ವಾಚು, ಪವರ್ ಬ್ಯಾಂಕ್ ಎರಡನ್ನೂ ಸ್ಲೀಪಿಂಗ್ ಬ್ಯಾಗ್ ಒಳಗೇ ಇಟ್ಟುಕೊಳ್ಳಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಬ್ಯಾಟರಿ ಹಾಳಾಗುತ್ತದೆ.

ಸೋಲಾರ್ ಇದೆಯಲ್ಲ ಅಂತೀರಿ. ದಿನಕ್ಕೆ ಮೂರು ಗಂಟೆ ಹೊರಗಿನ ಒಳ್ಳೇ ಬೆಳಕು, 50,000 ಲಕ್ಸ್, ವಾಚಿನ ಮುಖಕ್ಕೇ ಬೀಳಬೇಕು ಅನ್ನುವುದು ಕಂಪನಿಯ ಲೆಕ್ಕ. ಕುಮಾರ ಪರ್ವತದ ದಾರಿಯಲ್ಲಿ ಕುಕ್ಕೆಯಿಂದ ಭಟ್ಟರ ಮನೆವರೆಗಿನ ಕಾಡಿನಲ್ಲಿ ಅಷ್ಟು ಬೆಳಕು ಎಲ್ಲಿಂದ ಬರಬೇಕು? ಹಿಮಾಲಯದಲ್ಲಿ ಬಿಸಿಲೇನೋ ಧಾರಾಳ, ಆದರೆ ವಾಚು ಜಾಕೆಟ್ ತೋಳಿನ ಒಳಗಿರುತ್ತದೆ. ಬಂದರೆ ಲಾಭ, ನಂಬಿ ಹೊರಡಬೇಡಿ.

ಸ್ಕ್ರೀನ್ ವಿಷಯ. ಟಿ-ರೆಕ್ಸ್‌ನದು ಅಮೊಲೆಡ್, ತಾನೇ ಬೆಳಗುವ ಪರದೆ. ಕಾಡಿನ ನೆರಳಿನಲ್ಲಿ, ಟೆಂಟಿನಲ್ಲಿ ಚೆನ್ನಾಗಿ ಕಾಣುತ್ತದೆ. ಅದೇ ದಾರಿಯಲ್ಲಿ ಮುಂದೆ ಸಿಗುವ ಶೇಷ ಪರ್ವತದ ಬಯಲು ಹುಲ್ಲುಗಾವಲಿಗೆ ಬಂದ ಮೇಲೆ ಬಿಸಿಲಿನ ಜೊತೆ ಪೈಪೋಟಿಗೆ ಬೀಳುತ್ತದೆ. ಓದಲು ಆಗುತ್ತದೆ, ಆದರೆ ಬೆಳಕು ಏರಿಸಿಕೊಂಡು ಬ್ಯಾಟರಿ ತಿನ್ನುತ್ತದೆ. 2ಎಕ್ಸ್‌ನದು ಎಂಐಪಿ. ಬಿದ್ದ ಬಿಸಿಲನ್ನೇ ವಾಪಸ್ ಕಳಿಸಿ ಅಕ್ಷರ ತೋರಿಸುತ್ತದೆ, ಹಾಗಾಗಿ ಬಿಸಿಲು ಜಾಸ್ತಿಯಾದಷ್ಟೂ ಸ್ಪಷ್ಟ. ಸದಾ ಆನ್ ಇದ್ದರೂ ಖರ್ಚು ಕಡಿಮೆ. ಆದರೆ ಕಪ್ಪು-ಬಿಳುಪು, ಅಂಗಡಿಯ ಲೈಟಿನಲ್ಲಿ ನೋಡಿದರೆ ಮಂಕು. ಅಂಗಡಿಯಲ್ಲಿ ನೋಡಿ ತೀರ್ಮಾನ ಮಾಡಬೇಡಿ, ಬಾಗಿಲಾಚೆ ಬಿಸಿಲಿಗೆ ತಂದು ನೋಡಿ.

ಗಟ್ಟಿತನದಲ್ಲಿ ಇವೆರಡರ ನಡುವೆ ಆರಿಸುವಂಥದ್ದು ಜಾಸ್ತಿ ಇಲ್ಲ. ಎರಡಕ್ಕೂ 10 ಎಟಿಎಂ ನೀರಿನ ತಡೆ, ಎರಡರ ಮೇಲೂ ಮಿಲ್-ಎಸ್‌ಟಿಡಿ-810 ಅಂತ ಬರೆದಿದೆ. ಅದು ಸೈನ್ಯ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಪರೀಕ್ಷೆಗಳ ದೊಡ್ಡ ಪಟ್ಟಿ, ಅದರಲ್ಲಿ ಯಾವುದನ್ನು ಮಾಡಬೇಕೆಂದು ಕಂಪನಿಯೇ ಆರಿಸುತ್ತದೆ. ನಿಜವಾಗಿ ವಾಚನ್ನು ಹಾಳು ಮಾಡುವುದು ಬಂಡೆ. ಬಂಡೆಯಲ್ಲಿರುವ ಬೆಣಚುಕಲ್ಲು ಗಾಜಿಗಿಂತ ಗಟ್ಟಿ, ಕೈ ಊರಿ ಹತ್ತುವಾಗ ಒಮ್ಮೆ ಉಜ್ಜಿದರೆ ಗೀರು ಬಿತ್ತು. 2ಎಕ್ಸ್‌ನಲ್ಲಿ ಗಾಜಿನ ಸುತ್ತ ಅಂಚು ಎತ್ತರ ಇದೆ, ಅದೊಂದು ರಕ್ಷಣೆ. ಟಿ-ರೆಕ್ಸ್‌ಗೆ ಒಂದು ಸ್ಕ್ರೀನ್ ಗಾರ್ಡ್ ಅಂಟಿಸಿ. ನನ್ನ ಒಂದು ವಾಚು ಹೋದದ್ದು ಗಾಜು ಒಡೆದೂ ಅಲ್ಲ, ನೀರು ಹೊಕ್ಕೂ ಅಲ್ಲ. ಪಟ್ಟಿ ಹಿಡಿದಿದ್ದ ಪಿನ್ ಪೊದೆಗೆ ಸಿಕ್ಕಿ ಕಿತ್ತು ಬಂತು, ಗೊತ್ತಾಗಿದ್ದು ಅರ್ಧ ಗಂಟೆ ಇಳಿದ ಮೇಲೆ. ಆವತ್ತಿನಿಂದ ಕಾಡು ಮುಗಿದಾಗಲೆಲ್ಲ ಪಿನ್ ಮುಟ್ಟಿ ನೋಡುತ್ತೇನೆ.

ಈಗ ಅಸಲಿ ವಿಷಯ, ದಾರಿ. ಇಲ್ಲಿ ಎರಡೂ ಒಂದೇ ಅಲ್ಲ. 2ಎಕ್ಸ್‌ನಲ್ಲಿ ನಕ್ಷೆಯೇ ಇಲ್ಲ. ನೀವು ಮೊದಲೇ ಹಾಕಿದ, ದಾರಿ ದಾಖಲಾಗಿರುವ ಜಿಪಿಎಕ್ಸ್ ಫೈಲಿನ ಗೆರೆ, ಅದರ ಮೇಲೆ ನೀವೊಂದು ಬಾಣ, ಅಷ್ಟೇ. ಬಂದ ದಾರಿಯಲ್ಲೇ ವಾಪಸ್ ಕರೆದೊಯ್ಯುತ್ತದೆ, ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಟಿ-ರೆಕ್ಸ್‌ನಲ್ಲಿ ಮೊದಲೇ ಇಳಿಸಿಕೊಂಡರೆ ಎತ್ತರದ ಗೆರೆಗಳಿರುವ ನಕ್ಷೆ ನೆಟ್‌ವರ್ಕ್ ಇಲ್ಲದೆಯೂ ಕಾಣುತ್ತದೆ. ಶೇಷ ಪರ್ವತ ಹತ್ತುವಾಗ ಮಂಜು ಕವಿಯಿತು ಅಂದುಕೊಳ್ಳಿ. ಹುಲ್ಲಿನಲ್ಲಿ ಕಾಲುದಾರಿ ಎರಡಾಗಿ ಒಡೆದಿದೆ, ನೀವು ಗೆರೆಯಿಂದ 40 ಮೀಟರ್ ಎಡಕ್ಕೆ ಬಂದಿದ್ದೀರಿ. ಬರೀ ಗೆರೆ ಇದ್ದರೆ ‘ಬಲಕ್ಕೆ ಹೋಗು’ ಅಂತ ಅರ್ಥವಾಗುತ್ತದೆ. ಆ 40 ಮೀಟರ್ ಮಧ್ಯೆ ಇರುವುದು ಸಮತಟ್ಟು ಹುಲ್ಲೋ ಕಡಿದಾದ ಇಳಿಜಾರೋ, ಅದು ಹೇಳುವುದಿಲ್ಲ. ನಕ್ಷೆಯಲ್ಲಿ ಎತ್ತರದ ಗೆರೆಗಳು ಒತ್ತೊತ್ತಾಗಿದ್ದರೆ ಜಾಗ ಕಡಿದು, ಅಡ್ಡ ಹಾಯಬಾರದು, ಬಂದ ಹೆಜ್ಜೆಯಲ್ಲೇ ಹಿಂದೆ ಹೋಗಬೇಕು ಅಂತ ಗೊತ್ತಾಗುತ್ತದೆ.

ಇಂಥ ಕಡೆ ಎಲ್ಲರೂ ಮಾಡುವ ತಪ್ಪೊಂದಿದೆ. ನಿಂತಲ್ಲೇ ತಿರುಗಿ ಬಾಣ ನೋಡುತ್ತಾರೆ. ನಡೆಯುವಾಗ ನಿಮ್ಮ ದಿಕ್ಕು ಜಿಪಿಎಸ್‌ನಿಂದಲೇ ತಿಳಿಯುತ್ತದೆ, ನಿಂತಾಗ ವಾಚು ಒಳಗಿನ ದಿಕ್ಸೂಚಿಯನ್ನು ನಂಬಬೇಕು. ಪವರ್ ಬ್ಯಾಂಕ್, ಅಯಸ್ಕಾಂತವಿರುವ ಫೋನ್ ಕವರ್ ಹತ್ತಿರ ಇದ್ದರೆ ಅದು ಸುಮ್ನೆ ಎಲ್ಲೋ ತೋರಿಸುತ್ತದೆ. ಬೆಳಿಗ್ಗೆ ಹೊರಡುವ ಮೊದಲು ಗಾಳಿಯಲ್ಲಿ ಇಂಗ್ಲಿಷ್ ಎಂಟರ ಹಾಗೆ ಕೈ ಆಡಿಸಿ ದಿಕ್ಸೂಚಿ ಸರಿ ಮಾಡಿಕೊಳ್ಳಿ. ಅನುಮಾನ ಬಂದರೆ ನಿಮಗೆ ಖಾತ್ರಿಯಿರುವ ದಾರಿಯಲ್ಲೇ ಹತ್ತು-ಹದಿನೈದು ಹೆಜ್ಜೆ ಹಿಂದೆ ನಡೆದು ಬಾಣ ಹೇಗೆ ತಿರುಗುತ್ತದೆ ನೋಡಿ.

ಹಾಗಾಗಿ ನಿಮಗೆ ನನ್ನ ಸಲಹೆ ಟಿ-ರೆಕ್ಸ್ 3. ಬ್ಯಾಟರಿಯ ಕೊರತೆಯನ್ನು ಪವರ್ ಬ್ಯಾಂಕ್ ತುಂಬುತ್ತದೆ, ಇಲ್ಲದ ನಕ್ಷೆಯನ್ನು ಯಾವ ಚಾರ್ಜರೂ ತುಂಬುವುದಿಲ್ಲ. ಗೈಡ್ ಜೊತೆಗೇ ಹೋಗುವವರು, ಮಳೆಯಲ್ಲಿ, ದಪ್ಪ ಗ್ಲೌಸ್‌ನಲ್ಲಿ ಬರೀ ಬಟನ್ ಒತ್ತಿ ಕೆಲಸ ಮುಗಿಸಬೇಕು ಅನ್ನುವವರು 2ಎಕ್ಸ್ ತಗೊಳ್ಳಲಿ. ಟಾರ್ಚೂ ಇದೆ, ಬೆಲೆ ಮಾತ್ರ ಜಾಸ್ತಿ.

ವಾಚು ಬಂದ ವಾರವೇ ಒಂದು ಪರೀಕ್ಷೆ ಮಾಡಿ. 100ಕ್ಕೆ ಚಾರ್ಜ್ ಮಾಡಿ, ನಕ್ಷೆ ಹಾಕಿಕೊಂಡು ಊರ ಹೊರಗೆ ಎರಡು ಗಂಟೆ ನಡೆಯಿರಿ. ಏಳಕ್ಕಿಂತ ಜಾಸ್ತಿ ಶೇಕಡಾ ಇಳಿದಿದ್ದರೆ ನಾನು ಹೇಳಿದ 28 ಗಂಟೆಯೂ ನಿಮಗೆ ಸಿಗುವುದಿಲ್ಲ. ಆಗ ಸದಾ ಬೆಳಗುವ ಡಿಸ್‌ಪ್ಲೇ ಆಫ್ ಮಾಡಿ, ಫೋನಿನ ನೋಟಿಫಿಕೇಶನ್ ನಿಲ್ಲಿಸಿ, ಮತ್ತೆ ಅದೇ ದಾರಿಯಲ್ಲಿ ಎರಡು ಗಂಟೆ ನಡೆದು ನೋಡಿ.