ಗ್ರೂಪ್ ಕಾಲ್‌ಗೆ ಒಬ್ಬೊಬ್ರಿಗೆ ಎಷ್ಟು ನೆಟ್ ಬೇಕು, ಗ್ಯಾಲರಿ ವ್ಯೂನಲ್ಲಿ ಏನು ಬದಲಾಗುತ್ತೆ

"ಮನೇಲಿ ಮೂರು ಜನ ಒಂದೇ ನೆಟ್‌ನಲ್ಲಿ ಬೇರೆ ಬೇರೆ ಝೂಮ್ ಕಾಲ್‌ಗೆ ಕೂರ್ತೀವಿ. ಒಬ್ಬೊಬ್ರಿಗೆ ಎಷ್ಟು ಎಂಬಿಪಿಎಸ್ ಬೇಕು? ಕಾಲ್‌ನಲ್ಲಿ 25 ಜನ ಇದ್ರೆ 25 ಪಟ್ಟು ಬೇಕಾ?"

25 ಪಟ್ಟು ಬೇಡ. ನಿಮ್ಮ ಲ್ಯಾಪ್‌ಟಾಪ್ ಒಬ್ಬೊಬ್ರಿಗೂ ಬೇರೆ ಬೇರೆಯಾಗಿ ವಿಡಿಯೋ ಕಳಿಸಲ್ಲ, ಸರ್ವರ್‌ಗೆ ಕಳಿಸುತ್ತೆ, ಅಲ್ಲಿಂದ ಅದು ಎಲ್ಲರಿಗೂ ಹಂಚಿಕೆ ಆಗುತ್ತೆ. ಹಂಗಾಗಿ ಐದು ಜನ ಇರ್ಲಿ ಐವತ್ತು ಜನ ಇರ್ಲಿ, ಅಪ್‌ಲೋಡ್ ಜನ ಹೆಚ್ಚಾದಂಗೆ ಏರಲ್ಲ. ಡೌನ್‌ಲೋಡ್ ಮಾತ್ರ ನಿಮ್ಮ ಸ್ಕ್ರೀನ್ ಮೇಲೆ ಎಷ್ಟು ಮುಖ ಎಷ್ಟು ದೊಡ್ಡದಾಗಿ ಕಾಣ್ತಿವೆ ಅನ್ನೋದ್ರ ಮೇಲೆ ನಿಂತಿದೆ.

ಝೂಮ್‌ನವ್ರೇ ಕೊಟ್ಟಿರೋ ಲೆಕ್ಕ ಹಿಡಿದ್ರೆ ಗ್ರೂಪ್ ಕಾಲ್‌ನಲ್ಲಿ ಸಾಧಾರಣ ಒಳ್ಳೆ ವಿಡಿಯೋಗೆ ಹೋಗೋಕೆ 1, ಬರೋಕೆ 0.6 ಎಂಬಿಪಿಎಸ್. 25 ಮುಖದ ಗ್ಯಾಲರಿಗೆ ಬರೋದು 2, 49 ಮುಖಕ್ಕೆ 4. ಅಂದ್ರೆ ಗ್ಯಾಲರಿಯಲ್ಲಿ ಒಂದೊಂದು ಮುಖಕ್ಕೆ ಬೀಳೋದು ಬರೀ 0.08, ಚಿಕ್ಕ ಚೌಕಕ್ಕೆ ಚಿಕ್ಕ ವಿಡಿಯೋನೇ ಸರ್ವರ್ ಕಳಿಸೋದು.

ಮೂಡಿಗೆರೆ ಹತ್ರ ನಮ್ಮನೇದೂ ನಿಮ್ಮ ಥರದ್ದೇ ಕಥೆ. 4ಜಿ ರೂಟರು, ಅಳೆದಾಗ ಡೌನ್‌ಲೋಡ್ 5, ಅಪ್‌ಲೋಡ್ 2 ಸಿಗ್ತಿತ್ತು. ನಾನು ಆಫೀಸ್ ಮೀಟಿಂಗು, ತಂಗಿ ಕಾಲೇಜ್ ಕ್ಲಾಸು, ಅಪ್ಪಾಜಿ ಕಾಫಿ ಬೆಳೆಗಾರರ ಮೀಟಿಂಗು. ಮೂರೂ ಕಡೆ ಗ್ಯಾಲರಿ ತುಂಬಾ ಮುಖ ಇದ್ರೆ 3 × 2 = 6, ಇರೋದು 5, ಅದಕ್ಕೇ ಎಲ್ಲರ ಮುಖನೂ ಮಸುಕಾಗಿ ಆಮೇಲೆ ನಿಂತೇ ಹೋಗ್ತಿತ್ತು. ಇಬ್ಬರು ಸ್ಪೀಕರ್ ವ್ಯೂಗೆ ಬಂದ್ವಿ, 2 + 0.6 + 0.6, ಸುಮಾರು 3.2 ಆಯ್ತು, ಸರಾಗವಾಗಿ ನಡೀತು.

ಆದ್ರೆ ಅಪ್‌ಲೋಡ್ ಮರೀಬೇಡಿ, ಮೂವರೂ ಒಟ್ಟಿಗೆ ದೊಡ್ಡ ಚೌಕದಲ್ಲಿದ್ರೆ 3 × 1 = 3, ಇರೋ 2ರಲ್ಲಿ ಹಿಡಿಯಲ್ಲ. ಇದರ ಮೇಲೆ ಯಾರಾದ್ರೂ ಎಚ್‌ಡಿ ಆನ್ ಮಾಡಿದ್ರೆ ಒಬ್ಬರದೇ 2.6 ಹೋಗ್ಬೋದು, ಅಲ್ಲಿಗೆ ಮುಗೀತು. ನೀವು ಗ್ಯಾಲರಿಯಿಂದ ಸ್ಪೀಕರ್‌ಗೆ ಬದಲಿಸಿದ್ರೆ ನಿಮ್ಮ ಅಪ್‌ಲೋಡ್ ಇಳಿಯಲ್ಲ. ಅದು ಬೇರೆಯವ್ರು ನಿಮ್ಮನ್ನ ಎಷ್ಟು ದೊಡ್ಡದಾಗಿ ನೋಡ್ತಿದಾರೆ ಅನ್ನೋದ್ರ ಮೇಲಿದೆ, ಎಲ್ಲರೂ ಗ್ಯಾಲರಿಯಲ್ಲಿದ್ರೆ ನಿಮ್ಮಿಂದ ಚಿಕ್ಕ ವಿಡಿಯೋ ಸಾಕು, ನೀವು ಮಾತಾಡೋಕೆ ಶುರು ಮಾಡಿ ದೊಡ್ಡ ಚೌಕಕ್ಕೆ ಬಂದ ತಕ್ಷಣ ಏರುತ್ತೆ.

ಎಲ್ಲಿ ಸಿಕ್ಕಾಕೊಂಡಿದೆ ಅಂತ ತಿಳಿಯೋದು ಸುಲಭ. ನಿಮಗೆ ಬೇರೆಯವ್ರು ಕಟ್ ಆಗ್ತಿದ್ದು ಅವರಿಗೆ ನೀವು ಚೆನ್ನಾಗಿ ಕಾಣ್ತಿದ್ರೆ ಡೌನ್‌ಲೋಡ್ ಸಾಲ್ತಿಲ್ಲ, ಗ್ಯಾಲರಿ ಬಿಡಿ. "ನಿಮ್ಮ ವಾಯ್ಸ್ ಬರ್ತಿಲ್ಲ" ಅಂತ ಅವರೇ ಹೇಳ್ತಿದ್ರೆ ಅಪ್‌ಲೋಡ್ ಸಮಸ್ಯೆ, ಕ್ಯಾಮೆರಾ ಆಫ್ ಮಾಡಿ, ಮಾತಿಗೆ 0.1 ಇದ್ರೂ ಸಾಕು.

ಮೊಬೈಲ್ ಡೇಟಾ ಆದ್ರೆ 1 ಎಂಬಿಪಿಎಸ್ ಗಂಟೆಗೆ 450 ಎಂಬಿ ತಿನ್ನುತ್ತೆ. ಗ್ಯಾಲರಿಯ 2 ಜೊತೆ ನಿಮ್ಮ 1 ಸೇರಿಸಿದ್ರೆ ಗಂಟೆಗೆ ಸುಮಾರು 1.35 ಜಿಬಿ, ದಿನಕ್ಕೆ 1.5 ಜಿಬಿ ಪ್ಯಾಕ್ ಸುಮಾರು ಒಂದು ಗಂಟೆ ಏಳು ನಿಮಿಷದಲ್ಲಿ ಖಾಲಿ.