ಬರಹಗಾರರಿಗೆ ಸಲಹೆ: ಸಿಡಿಲಿನ ಭಾಷಣದಲ್ಲಿ ತಿದ್ದಬೇಕಾದ ಎರಡು ವಾಕ್ಯ

"ನಮ್ಮ ಶಾಲೆಯ ಅಸೆಂಬ್ಲಿಯಲ್ಲಿ ಓದಲೆಂದು ಸಿಡಿಲಿನ ಬಗ್ಗೆ ಭಾಷಣ ಬರೆದಿದ್ದೇನೆ. ಮೋಡಗಳು ಒಂದಕ್ಕೊಂದು ಉಜ್ಜಿ ವಿದ್ಯುತ್ ಹುಟ್ಟುತ್ತದೆ, ಅದು ಎಲ್ಲಕ್ಕಿಂತ ಎತ್ತರದ ವಸ್ತುವನ್ನೇ ಹುಡುಕಿ ಹೊಡೆಯುತ್ತದೆ ಎಂದು ವಿವರಿಸಿದ್ದೇನೆ. ಶಾಲೆಯಿಂದ ಇಪ್ಪತ್ತೈದು ಮೀಟರ್ ಆಚೆ ಇರುವ ತೆಂಗಿನ ಮರ ನಮ್ಮನ್ನು ಕಾಯುತ್ತದೆ ಎಂಬ ಉದಾಹರಣೆಯೂ ಇದೆ. ಪ್ರಕಟಿಸಬಹುದೇ? ಎಲ್ಲಿ ತಪ್ಪಿದ್ದೇನೆ, ನೇರವಾಗಿ ಹೇಳಿ." (ಬದಿಯಡ್ಕ ಕಡೆಯ ಒಬ್ಬ ಅಧ್ಯಾಪಿಕೆ)

ಟೀಚರೇ,

ಈಗಿರುವ ಹಾಗೆ ಪ್ರಕಟಿಸಲಾರೆ. ಭಾಷೆ ತಿಳಿಯಾಗಿದೆ, ಮಕ್ಕಳು ನಿಂತು ಕೇಳುವಷ್ಟೇ ಉದ್ದವೂ ಇದೆ. ಆದರೆ ಇಡೀ ಭಾಷಣ ಎರಡು ವಾಕ್ಯಗಳ ಮೇಲೆ ನಿಂತಿದೆ, ಎರಡೂ ತಪ್ಪು. ಅದರಲ್ಲೂ ಎರಡನೆಯದನ್ನು ನಂಬಿದ ಮಗುವಿಗೆ ಅಪಾಯವಿದೆ.

ಮೊದಲು ಮೋಡಗಳ ಉಜ್ಜಾಟದ ವಿಷಯ. ಅದು ನಿಜವಾಗಿದ್ದರೆ ನಮ್ಮಲ್ಲಿ ಅತಿ ಹೆಚ್ಚು ಸಿಡಿಲು ಜೂನ್, ಜುಲೈಯಲ್ಲಿ ಬರಬೇಕಿತ್ತು. ಆಟಿಯಲ್ಲಿ ಆಕಾಶದ ತುಂಬ ಮೋಡವೇ ಮೋಡ, ಬಿಸಿಲು ಕಾಣದಂಥ ಮಳೆ, ಆದರೂ ಗುಡುಗು ಅಪರೂಪ. ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಅಕ್ಟೋಬರ್-ನವೆಂಬರಿನ ತುಲಾ ಮಳೆಯಲ್ಲಿ, ಒಂದೇ ಮೋಡ ಎದ್ದು ನಿಂತರೂ ಮನೆ ನಡುಗುತ್ತದೆ. ಕಾಸರಗೋಡಿನ ಯಾವ ಮಗುವಿಗೂ ಇದು ಗೊತ್ತಿರುವ ವಿಷಯ. ಭಾಷಣವನ್ನು ಈ ಪ್ರಶ್ನೆಯಿಂದಲೇ ಶುರು ಮಾಡಿ. ಇಂದ್ರನ ವಜ್ರಾಯುಧಕ್ಕೆ ಕೊಟ್ಟ ಒಂದು ಪುಟವನ್ನು ಪೂರ್ತಿ ತೆಗೆದುಬಿಡಿ.

ಉತ್ತರವಿರುವುದು ಮೋಡದ ಎತ್ತರದಲ್ಲಿ. ನಮ್ಮ ತಲೆಯ ಮೇಲೆ ಸುಮಾರು 5 ಕಿ.ಮೀ. ಏರಿದರೆ ಉಷ್ಣತೆ ಸೊನ್ನೆ ಡಿಗ್ರಿಗೆ ಇಳಿಯುತ್ತದೆ. ಜೂನ್-ಜುಲೈಯ ಮೋಡಗಳಲ್ಲಿ ಗಾಳಿ ಮೆಲ್ಲಗೆ ಮೇಲೇರುತ್ತದೆ, ಆದ್ದರಿಂದ ಹನಿಗಳು ಹೆಚ್ಚಾಗಿ ಆ ಎತ್ತರದ ಕೆಳಗೇ ಒಂದಕ್ಕೊಂದು ಕೂಡಿ, ದಪ್ಪವಾಗಿ, ಸುರಿದುಬಿಡುತ್ತವೆ. ಮೇ ತಿಂಗಳ ಮಧ್ಯಾಹ್ನ ಹಾಗಲ್ಲ. ಕಾದ ನೆಲದ ಮೇಲಿನ ತೇವದ ಗಾಳಿ ರಭಸದಿಂದ ನುಗ್ಗಿ ಹನಿಗಳನ್ನು 7-8 ಕಿ.ಮೀ. ಎತ್ತರಕ್ಕೆ, ಅಂದರೆ ಸೊನ್ನೆಗಿಂತ 10ರಿಂದ 20 ಡಿಗ್ರಿ ಕೆಳಗಿನ ಜಾಗಕ್ಕೆ, ಒಯ್ಯುತ್ತದೆ. ಅಲ್ಲಿ ಮೂರು ವಸ್ತುಗಳು ಒಟ್ಟಿಗಿರುತ್ತವೆ: ಹೆಪ್ಪುಗಟ್ಟಬೇಕಾದ ಚಳಿಯಲ್ಲೂ ನೀರಾಗಿಯೇ ಉಳಿದ ಸಣ್ಣ ಹನಿಗಳು, ಹಗುರಾದ ಹಿಮದ ಹರಳುಗಳು, ಮತ್ತು ಆ ಹನಿಗಳು ಅಂಟಿ ಅಂಟಿ ಬೆಳೆದ ಮೆದು ಆಲಿಕಲ್ಲು. ಈ ಮೆದು ಆಲಿಕಲ್ಲಿಗೆ ಗ್ರಾಪೆಲ್ ಎನ್ನುತ್ತಾರೆ. ಮಕ್ಕಳಿಗೆ ಸಾಬಕ್ಕಿಯ ಕಾಳಿನಂತೆ ಎಂದರೆ ಸಾಕು.

ಭಾರದ ಗ್ರಾಪೆಲ್ ಕೆಳಗಿಳಿಯಲು ನೋಡುತ್ತಿರುತ್ತದೆ, ಹರಳು ಗಾಳಿಯ ಜೊತೆ ಮೇಲೇರುತ್ತಿರುತ್ತದೆ. ಎರಡೂ ಡಿಕ್ಕಿಯಾಗಿ ಬೇರ್ಪಟ್ಟಾಗ ಸಾಮಾನ್ಯವಾಗಿ ಗ್ರಾಪೆಲ್‌ಗೆ ಋಣ ಆವೇಶ, ಹರಳಿಗೆ ಧನ ಆವೇಶ ಉಳಿಯುತ್ತದೆ. ಒಂದೊಂದು ಡಿಕ್ಕಿಯಲ್ಲಿ ಕೈಬದಲಾಗುವುದು ಅತ್ಯಲ್ಪ, ಆದರೆ ಡಿಕ್ಕಿಗಳಿಗೆ ಲೆಕ್ಕವಿಲ್ಲ. ಹೀಗೆ ಮೋಡದ ತಲೆಯಲ್ಲಿ ಧನ, ನಡುವಿನಲ್ಲಿ ಋಣ ಸೇರುತ್ತವೆ. ನೀವು ಬಿಟ್ಟಿರುವ ಮುಖ್ಯ ಮಾತು ಇದೇ: ಉಜ್ಜಿದರಷ್ಟೇ ಸಾಲದು, ಬೇರ್ಪಟ್ಟ ಆವೇಶಗಳನ್ನು ದೂರ ದೂರಕ್ಕೆ ಒಯ್ಯುವ ಶಕ್ತಿಯೂ ಬೇಕು. ಆ ಕೆಲಸವನ್ನು ಮೇಲೇರುವ ಗಾಳಿ ಮತ್ತು ಗ್ರಾಪೆಲ್‌ನ ಭಾರ ಎರಡೂ ಸೇರಿ ಮಾಡುತ್ತವೆ. ಆಟಿಯ ಮೋಡದಲ್ಲಿ ಗ್ರಾಪೆಲ್ಲೂ ಕಡಿಮೆ, ಗಾಳಿಯ ರಭಸವೂ ಕಡಿಮೆ.

ಈ ಜೋಡಣೆ ಊಹೆಯದಲ್ಲ. ಜಾರ್ಜ್ ಸಿಂಪ್ಸನ್ ಎಂಬವರು ಸಿಮ್ಲಾದಲ್ಲಿ ಭಾರತದ ಹವಾಮಾನ ಇಲಾಖೆಯಲ್ಲಿದ್ದಾಗ, ಮಳೆಹನಿ ಒಡೆಯುವುದೇ ಆವೇಶಕ್ಕೆ ಕಾರಣ ಎಂದು ವಾದಿಸಿದ್ದರು. ಆ ವಾದದ ಪ್ರಕಾರ ಮೋಡದ ಕೆಳಭಾಗದಲ್ಲಿ ಧನ ಆವೇಶವಿರಬೇಕು. ಮುಂದೆ ಇಂಗ್ಲೆಂಡಿನಲ್ಲಿ ಅವರೇ ಸ್ಕ್ರೇಸ್ ಎಂಬ ಸಹೋದ್ಯೋಗಿಯ ಜೊತೆ ಬಲೂನುಗಳನ್ನು ಮೋಡದೊಳಗೆ ಹಾರಿಸಿ ಅಳೆದು, 1937ರಲ್ಲಿ ಪ್ರಕಟಿಸಿದರು: ಮೇಲೆ ಧನ, ಕೆಳಗೆ ಋಣ, ತಳದಲ್ಲಿ ಮಾತ್ರ ಧನದ ಒಂದು ಸಣ್ಣ ಗುಂಪು. ಭಾಷಣದಲ್ಲಿ ಇದಕ್ಕೆ ಎರಡು ವಾಕ್ಯ ಕೊಟ್ಟರೆ, ಅಳತೆ ಎಂದರೇನೆಂದು ಮಕ್ಕಳಿಗೆ ತಿಳಿಯುತ್ತದೆ.

ಈಗ ನಿಮ್ಮ ತೆಂಗಿನ ಮರ. ಸಿಡಿಲು ಮೋಡದಿಂದಲೇ ಮರವನ್ನು ಗುರಿ ಹಿಡಿದು ಹೊರಡುವುದಿಲ್ಲ. ಮೋಡದಿಂದ ಮೊದಲು ಇಳಿಯುವುದು ಮಂಕಾದ ಒಂದು ಎಳೆ. ಅದು ಸುಮಾರು 50 ಮೀಟರ್‌ನ ಹೆಜ್ಜೆಗಳಲ್ಲಿ, ಕ್ಷಣದ ಅತಿ ಸಣ್ಣ ಪಾಲಿನಷ್ಟು ತಡೆದು ತಡೆದು, ಕವಲೊಡೆಯುತ್ತ ಬರುತ್ತದೆ. ಕೆಳಗೆ ಮರವಿದೆಯೋ ಬಯಲಿದೆಯೋ ಎಂಬುದು ಅದರ ದಾರಿಯ ಬಹುಪಾಲಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ನೆಲಕ್ಕೆ ಕೆಲವು ಹತ್ತು ಮೀಟರ್, ಹೆಚ್ಚೆಂದರೆ ನೂರು ಚಿಲ್ಲರೆ ಮೀಟರ್ ಉಳಿದಾಗ ಮಾತ್ರ ವಿಷಯ ಬದಲಾಗುತ್ತದೆ. ಎತ್ತರದ ವಸ್ತುಗಳ ತುದಿಯಲ್ಲಿ ವಿದ್ಯುತ್ ಕ್ಷೇತ್ರ ಒತ್ತಾಗಿ, ಅಲ್ಲಿಂದ ಮೇಲ್ಮುಖವಾಗಿ ಒಂದು ಎಳೆ ಹೊರಡುತ್ತದೆ. ಎರಡು ಎಳೆಗಳು ಕೂಡಿದ ಕ್ಷಣದಲ್ಲಿ ಕಣ್ಣು ಕೋರೈಸುವ ಮಿಂಚು ಹರಿಯುತ್ತದೆ. ಎತ್ತರದ ವಸ್ತುವಿಗೆ ಸಿಡಿಲು ಹೆಚ್ಚು ಬಡಿಯುವುದಕ್ಕೆ ಕಾರಣ ಇಷ್ಟೇ: ಅದರ ಎಳೆ ಮೊದಲು ತಲುಪುತ್ತದೆ. ಹಾಗಾಗಿ ಎತ್ತರದಿಂದ ಸಿಗುವ ಅನುಕೂಲ ಹತ್ತಿರದ ವ್ಯಾಪ್ತಿಯಲ್ಲಿ ಮಾತ್ರ.

ಎಷ್ಟು ಹತ್ತಿರ ಎಂಬುದನ್ನು ನಿಮ್ಮ ಶಾಲೆಗೇ ಲೆಕ್ಕ ಹಾಕೋಣ. ಆ ಕೊನೆಯ ಜಿಗಿತದ ದೂರಕ್ಕೆ ಎಂಜಿನಿಯರುಗಳು ಬಳಸುವ ಸೂತ್ರವಿದೆ. ಸಿಡಿಲಿನ ಗರಿಷ್ಠ ಪ್ರವಾಹ 30 ಸಾವಿರ ಆಂಪಿಯರ್ ಇದ್ದರೆ ದೂರ ಸುಮಾರು 90 ಮೀಟರ್, 10 ಸಾವಿರ ಇದ್ದರೆ ಸುಮಾರು 45 ಮೀಟರ್. ಎರಡನೆಯದನ್ನೇ ಹಿಡಿಯೋಣ. ಇಳಿದುಬರುವ ಎಳೆಯ ತುದಿಯೇ ನಡುಬಿಂದುವಾದ 45 ಮೀಟರ್ ತ್ರಿಜ್ಯದ ಗೋಳವನ್ನು ನೆಲದ ಮೇಲೆ ಉರುಳಿಸಿ ತಂದು ಮರಕ್ಕೆ ತಾಗಿಸಿದಂತೆ ಚಿತ್ರ ಬರೆಯಿರಿ. ಗೋಳ ಮುಟ್ಟಲಾಗದ ಜಾಗಕ್ಕೆ ಮಾತ್ರ ಮರದ ಆಶ್ರಯ. ಮರದ ಎತ್ತರ 20 ಮೀಟರ್ ಎಂದಾದರೆ ನೆಲದಲ್ಲಿ ಆ ಆಶ್ರಯ ಬುಡದಿಂದ ಸುಮಾರು 37 ಮೀಟರ್‌ವರೆಗೆ. ಆದರೆ ಶಾಲೆಯ ಮಾಡು ನೆಲದಲ್ಲಿಲ್ಲ. ಅದರ ಎತ್ತರ 8 ಮೀಟರ್ ಎಂದು ಹಿಡಿದರೆ ಆಶ್ರಯ ಸುಮಾರು 12 ಮೀಟರ್‌ಗೇ ಮುಗಿಯುತ್ತದೆ. ನಿಮ್ಮ ಕಟ್ಟಡ 25 ಮೀಟರ್ ದೂರದಲ್ಲಿದೆ. ಮರ ಎತ್ತರವಿದ್ದರೂ ಸಿಡಿಲು ಮಾಡಿಗೆ ಬೀಳಬಹುದು. ಪ್ರವಾಹ ಇನ್ನೂ ಸಣ್ಣದಾದರೆ ಈ ದೂರವೂ ಕುಗ್ಗುತ್ತದೆ. ಇನ್ನು ಮರದ ಬುಡಕ್ಕೆ ಹೋದರೆ ಕಾಂಡದಿಂದ ಪಕ್ಕಕ್ಕೆ ಹಾರುವ ಸಿಡಿಲಿನ ಭಯ. ಆದ್ದರಿಂದ ತೆಂಗಿನ ಮರ ಕಾಯುತ್ತದೆ ಎಂಬ ಸಾಲನ್ನು ಅಳಿಸಿ, ಈ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿ. ಕಟ್ಟಡವನ್ನು ಕಾಯಲು ಬೇಕಾದದ್ದು ಅದರ ಮೇಲೆಯೇ ಇಟ್ಟ ಸಿಡಿಲು ವಾಹಕ ಮತ್ತು ಸರಿಯಾದ ಅರ್ಥಿಂಗ್.

"ಎತ್ತರದ ವಸ್ತು" ಎಂಬ ಮಾತನ್ನು ಕೇಳಿದ ಪುಟ್ಟ ಮಕ್ಕಳು ತಾವು ಗಿಡ್ಡ, ತಮಗೇನೂ ಆಗದು ಎಂದುಕೊಂಡಾರು. ಮರವೇ ಇಲ್ಲದ ಕೆಂಪುಕಲ್ಲಿನ ಪದವಿನಲ್ಲಿ ನಡೆದುಬರುವ ನಾಲ್ಕನೇ ತರಗತಿಯ ಹುಡುಗನೇ ಅಲ್ಲಿಯ ಎತ್ತರದ ವಸ್ತು. ಇದನ್ನು ಬಿಡಿಸಿ ಹೇಳಿ. ಕೊನೆಯ ಪುಟದಲ್ಲಿ "ಬಯಲಿನಲ್ಲಿದ್ದರೆ ನೆಲದ ಮೇಲೆ ಮಲಗಿ" ಎಂದಿದ್ದೀರಿ, ಅದನ್ನೂ ತೆಗೆಯಿರಿ. ಹತ್ತಿರದಲ್ಲಿ ಸಿಡಿಲು ಬಡಿದಾಗ ಪ್ರವಾಹ ನೆಲದಲ್ಲಿ ಹರಡುತ್ತದೆ. ಮಲಗಿದವನ ತಲೆಗೂ ಕಾಲಿಗೂ ನಡುವೆ ದೂರ ಹೆಚ್ಚು, ವೋಲ್ಟೇಜಿನ ವ್ಯತ್ಯಾಸವೂ ಹೆಚ್ಚು. ಗುಡುಗು ಕೇಳಿಸಿದ ಕೂಡಲೇ ಪಕ್ಕಾ ಕಟ್ಟಡದ ಒಳಗೆ ಹೋಗಬೇಕು, ಕೊನೆಯ ಗುಡುಗಾಗಿ ಅರ್ಧ ಗಂಟೆ ಒಳಗೇ ಇರಬೇಕು ಎಂದಷ್ಟೇ ಬರೆಯಿರಿ.

ತಿದ್ದಿದ ಪ್ರತಿಯನ್ನು ಸೆಪ್ಟೆಂಬರ್ ಒಳಗೆ ಕಳಿಸಿದರೆ ತುಲಾ ಮಳೆಗೆ ಮೊದಲೇ ಅಚ್ಚು ಮಾಡುತ್ತೇನೆ. ಜೊತೆಗೆ ಶಾಲೆಯ ಮಾಡಿನ ನಿಜವಾದ ಎತ್ತರವನ್ನು ಮಕ್ಕಳಿಂದಲೇ ಅಳೆಸಿ ಕಳಿಸಿ, ಲೆಕ್ಕವನ್ನು ಆ ಅಂಕೆಯಿಂದಲೇ ಮಾಡೋಣ.

ಸಂಪಾದಕ