ಶಿಕ್ಷಾ ಎಂದರೆ ಪಾಠವೋ, ಪೆಟ್ಟೋ?

*ಸಂಪಾದಕರಿಗೆ ನಮಸ್ಕಾರ. ನನ್ನ ಸೊಸೆ ಹಿಂದಿ ಮಾತಾಡುವ ಮನೆಯ ಹುಡುಗಿ. ಮೊಮ್ಮಗಳಿಗೆ ‘ಶಿಕ್ಷಾ’ ಅಂತ ಹೆಸರಿಡಬೇಕು ಅನ್ನೋದು ಅವಳ ಆಸೆ. ನಮ್ಮ ಮನೆಯವರು ‘ಹಸುಗೂಸನ್ನ ಶಿಕ್ಷೆ ಅಂತ ಕೂಗೋದಾ?’ ಎಂದು ಮುನಿಸಿಕೊಂಡಿದ್ದಾರೆ. ಮೂಲ ಸಂಸ್ಕೃತದಲ್ಲಿ ನಿಜವಾದ ಅರ್ಥ ಯಾವುದು? ನೀವು ಹೇಳಿದ ಹಾಗೆ ಮಾಡುತ್ತೇವೆ.*
*— ಒಬ್ಬ ಅಜ್ಜ*

ಅಜ್ಜನವರೇ, ‘ನೀವು ಹೇಳಿದ ಹಾಗೆ’ ಅಂದು ನಮ್ಮನ್ನು ಸಿಕ್ಕಿಸಿಬಿಟ್ಟಿರಿ. ಅತ್ತೆ ಸೊಸೆ ನಡುವೆ ತೀರ್ಪು ಕೊಡುವಷ್ಟು ಧೈರ್ಯ ನಮಗಿಲ್ಲ. ಪದದ ಕಥೆ ಹೇಳುತ್ತೇವೆ. ಕೇಳಿದ ಮೇಲೆ ಇಬ್ಬರೂ ಸ್ವಲ್ಪ ಸ್ವಲ್ಪ ಸರಿ ಅಂತ ನಿಮಗೇ ಅನ್ನಿಸಬಹುದು.

ಹಳೆಯ ಸಂಸ್ಕೃತವನ್ನು ಕೇಳಿದರೆ ಅದು ಸೊಸೆಯ ಕಡೆ. ನಮ್ಮ ವೈಯಾಕರಣರು ‘ಶಿಕ್ಷ್’ ಧಾತುವಿಗೆ ವಿದ್ಯೆ ಪಡೆಯುವುದು ಎಂದೇ ಅರ್ಥ ಕೊಟ್ಟಿದ್ದಾರೆ. ಈಗಿನ ಭಾಷಾವಿಜ್ಞಾನದವರು ಇನ್ನೊಂದು ಹೆಜ್ಜೆ ಹಿಂದೆ ಹೋಗುತ್ತಾರೆ. ಅವರ ಪ್ರಕಾರ ಇದು ‘ಶಕ್’ ಧಾತುವಿನ ಮಗು. ಶಕ್ತಿ, ಶಕ್ಯ ಎಲ್ಲ ಬಂದದ್ದು ಅಲ್ಲಿಂದಲೇ. ಶಕ್ ಅಂದರೆ ಆಗುವುದು, ಕೈಲಾಗುವುದು. ಶಿಕ್ಷ್ ಅಂದರೆ ಕೈಲಾಗಬೇಕು ಎಂದು ಬಯಸುವುದು. ಕುಡಿಯುವ ಬಯಕೆ ಪಿಪಾಸೆ, ತಿಳಿಯುವ ಬಯಕೆ ಜಿಜ್ಞಾಸೆ. ಅದೇ ಅಚ್ಚಿನಲ್ಲಿ, ‘ನನಗೂ ಇದು ಬರಬೇಕು’ ಅನ್ನುವ ಬಯಕೆ ಶಿಕ್ಷಾ. ಹೆಣ್ಣುಮಗುವಿಗೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ ಅನ್ನಿಸುತ್ತದೆ, ಅಲ್ವಾ?

(ಇದೇ ಅಚ್ಚಿನ ಇನ್ನೊಂದು ಪದ ಶುಶ್ರೂಷೆ. ಮೂಲದಲ್ಲಿ ಅದು ಕೇಳುವ ಬಯಕೆ. ಗುರುವಿನ ಮಾತು ಕೇಳಬೇಕೆಂದು ಹತ್ತಿರ ಇರುವವನು ಗುರುವಿನ ಸೇವೆಯನ್ನೂ ಮಾಡುತ್ತಾನೆ. ಹಾಗೆ ಅದು ಸೇವೆ ಆಯಿತು, ಕೊನೆಗೆ ರೋಗಿಯ ಆರೈಕೆ ಆಯಿತು. ಕಿವಿಯಿಂದ ಹೊರಟ ಪದ ಆಸ್ಪತ್ರೆ ಸೇರಿತು!)

ಶಿಕ್ಷಾ ಎಂಬುದು ಆರು ವೇದಾಂಗಗಳಲ್ಲಿ ಒಂದರ ಹೆಸರೂ ಹೌದು. ಅಕ್ಷರವನ್ನು ಬಾಯಲ್ಲಿ ಎಲ್ಲಿ ಹುಟ್ಟಿಸಬೇಕು, ಸ್ವರ ಎಲ್ಲಿ ಏರಬೇಕು, ಎಷ್ಟು ಹೊತ್ತು ಎಳೆಯಬೇಕು ಎಂದು ಹೇಳಿಕೊಡುವ ಶಾಸ್ತ್ರ ಅದು. ತೈತ್ತಿರೀಯ ಉಪನಿಷತ್ತಿನ ಮೊದಲ ಭಾಗಕ್ಕೂ ಶೀಕ್ಷಾವಲ್ಲೀ ಎಂದೇ ಹೆಸರು. ‘ಸತ್ಯಂ ವದ’, ‘ಮಾತೃದೇವೋ ಭವ’ ಬರುವುದು ಅಲ್ಲೇ. ಬೆತ್ತದ ಸುಳಿವು ಎಲ್ಲೂ ಇಲ್ಲ.

ಹಾಗಾದರೆ ಬೆತ್ತ ಬಂದದ್ದು ಎಲ್ಲಿಂದ? ನಿಮ್ಮ ಮನೆಯವರ ಕಿವಿ ತಪ್ಪು ಕೇಳಿಸಿಕೊಂಡಿತೇ? ಖಂಡಿತ ಇಲ್ಲ. ಜಗಳದಲ್ಲಿ ನಾವು ಏನಂತೇವೆ ನೋಡಿ. ‘ಇರು, ನಿನಗೆ ಪಾಠ ಕಲಿಸ್ತೀನಿ.’ ‘ಅವನಿಗೆ ಬುದ್ಧಿ ಕಲಿಸಬೇಕು.’ ಇಲ್ಲಿ ಯಾರೂ ಸ್ಲೇಟು ಬಳಪ ತರುವುದಿಲ್ಲ. ತಾನಾಗಿ ಕಲಿತರೆ ಕಲಿಕೆ, ಬೇರೆಯವರು ಹಿಡಿದು ಕಲಿಸಿದರೆ ಪೆಟ್ಟು. ಶಿಕ್ಷಾ ನಡೆದದ್ದೂ ಇದೇ ದಾರಿಯಲ್ಲಿ. ಕಲಿಯುವುದು, ಕಲಿಸುವುದು, ತಿದ್ದುವುದು, ದಂಡಿಸುವುದು. ಸಂಸ್ಕೃತದ ನಿಘಂಟುಗಳಲ್ಲೂ ಕೊನೆಯ ಅರ್ಥ ಸಿಗುತ್ತದೆ. ದೇವರ ವಿಷಯದಲ್ಲಿ ನಾವು ದಿನಾ ಹೇಳುವ ‘ದುಷ್ಟಶಿಕ್ಷಣ, ಶಿಷ್ಟರಕ್ಷಣ’ ನೆನಪಿಸಿಕೊಳ್ಳಿ. ಅಲ್ಲಿ ಶಿಕ್ಷಣ ಅಂದರೆ ದುಷ್ಟರನ್ನು ಶಾಲೆಗೆ ಸೇರಿಸುವುದಲ್ಲ!

ಎರಡು ಅರ್ಥ ಒಂದೇ ಪದದಲ್ಲಿ ಕೂತರೆ ಬಳಸುವವರಿಗೆ ಗೊಂದಲ. ಕನ್ನಡ ಅದನ್ನು ಜಾಣತನದಿಂದ ಬಗೆಹರಿಸಿತು. ದಂಡನೆಗೆ ಶಿಕ್ಷೆ, ಓದಿಗೆ ಶಿಕ್ಷಣ ಎಂದು ಪಾಲು ಮಾಡಿಕೊಟ್ಟಿತು. ತೆಲುಗು ಮತ್ತು ಮಲಯಾಳಂನಲ್ಲೂ ಹೆಚ್ಚುಕಡಿಮೆ ಇದೇ ಪಾಲು, ಅಲ್ಲಿ ಶಿಕ್ಷಣ ಅಂದರೆ ಹೆಚ್ಚಾಗಿ ತರಬೇತಿ. ಮರಾಠಿಯಲ್ಲೂ ಇದೇ. ಹಾಗಾಗಿ ಇದನ್ನು ಉತ್ತರ, ದಕ್ಷಿಣ ಎಂದು ಗೆರೆ ಎಳೆದು ಹೇಳುವ ಹಾಗಿಲ್ಲ. ಹಿಂದಿಯವರು, ಬಂಗಾಳಿಯವರು ಶಿಕ್ಷಾ ಪದವನ್ನು ಓದಿಗೇ ಉಳಿಸಿಕೊಂಡರು. ಹಿಂದಿಯಲ್ಲಿ ದಂಡನೆಗೆ ಪಾರಸಿಯಿಂದ ಬಂದ ಸಜಾ ಇತ್ತು, ದಂಡ ಇತ್ತು. ಆ ಕೆಲಸಕ್ಕೆ ಇನ್ನೊಂದು ಪದ ಬೇಕಾಗಲಿಲ್ಲ. ಅವರ ‘ಸೀಖ್‌ನಾ’, ಅಂದರೆ ಕಲಿಯುವುದು, ಇದೇ ಶಿಕ್ಷ್ ಸವೆದು ಆದ ರೂಪ. ತಮಾಷೆ ಅಂದರೆ, ಅವರೂ ಸಿಟ್ಟು ಬಂದಾಗ ‘ಸಬಕ್ ಸಿಖಾವೂಂಗಾ’, ಪಾಠ ಕಲಿಸ್ತೀನಿ, ಅಂತಲೇ ಗದರುತ್ತಾರೆ.

ಸಮುದ್ರ ದಾಟಿದರೂ ಈ ಜಗಳ ಬಿಡಲಿಲ್ಲ. ಥಾಯ್ ಭಾಷೆಗೆ ಹೋದ ಶಿಕ್ಷಾ ‘ಸುಕ್ಸಾ’ ಆಗಿ, ಇಂದಿಗೂ ಓದು, ಅಧ್ಯಯನ ಎಂಬ ಅರ್ಥದಲ್ಲೇ ಇದೆ. ಇಂಡೋನೇಷ್ಯಾಕ್ಕೆ ಹೋದದ್ದು ‘ಸಿಕ್ಸಾ’ ಆಯಿತು. ಅಲ್ಲಿ ಅದರ ಅರ್ಥ ಯಾತನೆ, ಚಿತ್ರಹಿಂಸೆ! ನಿಮ್ಮ ಮನೆಯವರಿಗೆ ಈ ಒಂದು ಸಾಲು ಓದಿ ಹೇಳಿ. ಸೊಸೆಗೆ ಥಾಯ್ ಸಾಲು ಓದಿ. ಪಾಲು ಸಮ.

ಈಗ ಇನ್ನೊಂದು ಹೆಸರು ಪಕ್ಕಕ್ಕೆ ಇಟ್ಟು ನೋಡೋಣ. ವಿನಯ. ನಮಗೆ ವಿನಯ ಅಂದರೆ ತಗ್ಗಿ ಬಗ್ಗಿ ನಡೆಯುವುದು. ಮೂಲದಲ್ಲಿ ಹಾಗಿರಲಿಲ್ಲ. ‘ನೀ’ ಅಂದರೆ ಕರೆದೊಯ್ಯುವುದು. ನಾಯಕ, ನೀತಿ ಎಲ್ಲ ಅದೇ ಬಳಗ. ವಿನಯ ಅಂದರೆ ಒಂದು ದಾರಿಗೆ ತರುವುದು, ಪಳಗಿಸುವುದು. ಕೌಟಿಲ್ಯನ ಅರ್ಥಶಾಸ್ತ್ರದ ಮೊದಲ ಅಧಿಕರಣದ ಹೆಸರು ವಿನಯಾಧಿಕಾರಿಕ. ಅಲ್ಲಿರುವುದು ರಾಜನನ್ನು ತಯಾರು ಮಾಡುವ ವಿಷಯ, ರಾಜ ಕೈಮುಗಿದು ನಿಲ್ಲುವ ವಿಷಯವಲ್ಲ. ಬೌದ್ಧರ ವಿನಯಪಿಟಕ ಭಿಕ್ಷುಗಳ ನಿಯಮಗಳ ಸಂಗ್ರಹ. ಯಾವ ತಪ್ಪು ಮಾಡಿದರೆ ಸಂಘದಿಂದ ಹೊರಗೆ ಎಂಬುದೂ ಅದರಲ್ಲಿದೆ. ಆ ನಿಯಮಗಳಿಗೆ ಪಾಳಿಯಲ್ಲಿ ಏನಂತಾರೆ ಗೊತ್ತಾ? ಸಿಕ್ಖಾಪದ. ಅಂದರೆ ನಮ್ಮ ಶಿಕ್ಷಾಪದ. ಒಂದು ಕಾಲದಲ್ಲಿ ಶಿಕ್ಷಾ, ವಿನಯ ಅಕ್ಕ ತಮ್ಮನ ಹಾಗೆ ಒಂದೇ ಮನೆಯಲ್ಲಿದ್ದ ಪದಗಳು. ಎರಡಕ್ಕೂ ಪಳಗುವುದು, ಶಿಸ್ತು ಎಂಬ ಅರ್ಥ ಇತ್ತು. ಆಮೇಲೆ ಕನ್ನಡದಲ್ಲಿ ಅಕ್ಕ ಜೈಲಿಗೆ ಹೋದಳು, ತಮ್ಮ ಸಭ್ಯಸ್ಥನಾದ. ಥಾಯ್ ಭಾಷೆಯಲ್ಲಿ ‘ವಿನೈ’ ಈಗಲೂ ಶಿಸ್ತು, ಗಂಡುಮಕ್ಕಳ ಹೆಸರೂ ಹೌದು. ಅಲ್ಲಿಯ ವಿನೈ, ನಮ್ಮ ವಿನಯ ಒಂದೆಡೆ ಸೇರಿ ಹೆಸರಿನ ಅರ್ಥ ಹೇಳಿಕೊಂಡರೆ ಇಬ್ಬರೂ ಬೇರೆ ಬೇರೆ ಹೇಳುತ್ತಾರೆ.

ಅದಕ್ಕೇ ‘ಮೂಲದ ಅರ್ಥವೇ ನಿಜವಾದ ಅರ್ಥ’ ಅನ್ನೋದನ್ನು ನಾವು ಒಪ್ಪುವುದಿಲ್ಲ. ಹಾಗೆ ಹೊರಟರೆ ಪ್ರತಿ ವಿನಯನನ್ನೂ ಕರೆದು ‘ನೀನು ಶಿಸ್ತುಕ್ರಮ ಕಣಪ್ಪಾ’ ಎನ್ನಬೇಕಾಗುತ್ತದೆ. ಹೆಸರನ್ನು ಕೂಗುವುದು ನಿಘಂಟು ಅಲ್ಲ, ಮನೆಯವರು, ಅಕ್ಕಪಕ್ಕದವರು, ಶಾಲೆಯ ಮಕ್ಕಳು. ಅವರ ಕಿವಿಗೆ ಏನು ಕೇಳಿಸುತ್ತದೆ ಎಂಬುದೇ ಜಾಸ್ತಿ ಮುಖ್ಯ.

ಆದರೆ ಸೊಸೆಯ ಪರವಾಗಿ ಒಂದು ವಾದ ಉಳಿದಿದೆ. ಕನ್ನಡದಲ್ಲಿ ಹೆಸರಿಗೂ ಪದಕ್ಕೂ ನಡುವೆ ಒಂದು ಸಣ್ಣ ಬೇಲಿ ಇದೆ. ಸಂಸ್ಕೃತದ ಕೊನೆಯ ‘ಆ’ ನಮ್ಮಲ್ಲಿ ‘ಎ’ ಆಗುತ್ತದೆ. ಲತಾ ಲತೆ, ಕವಿತಾ ಕವಿತೆ, ಪ್ರತಿಭಾ ಪ್ರತಿಭೆ. ಹೆಸರಾದಾಗ ಮಾತ್ರ ‘ಆ’ ಉಳಿಸಿಕೊಳ್ಳುತ್ತೇವೆ. ಆಶಾ ಹುಡುಗಿ, ಆಸೆ ಮನಸ್ಸಿನದು. ‘ಆಸೆಬುರುಕ’ ಎಂಬ ಬೈಗುಳ ಇದ್ದರೂ ಆಶಾ ಎಂಬ ಹೆಸರಿಗೆ ಯಾರೂ ಮುಖ ಸಿಂಡರಿಸುವುದಿಲ್ಲ. ಅದೇ ಲೆಕ್ಕದಲ್ಲಿ ಶಿಕ್ಷಾ ಬೇರೆ, ಶಿಕ್ಷೆ ಬೇರೆ ಅನ್ನಬಹುದಲ್ಲ?

ಅನ್ನಬಹುದು. ಆದರೆ ಬೇಲಿ ಎಷ್ಟು ಗಟ್ಟಿ ಎಂದು ನೋಡಲು ಹೆಸರನ್ನು ಸುಮ್ನೆ ಕೂಗಿ ನೋಡಿದರೆ ಸಾಲದು. ವಾಕ್ಯದೊಳಗೆ ಹಾಕಿ ನೋಡಿ. ‘ಶಿಕ್ಷಾಗೆ ಊಟ ಕೊಡು.’ ‘ಶಿಕ್ಷಾನ ಕರ್ಕೊಂಡು ಬಾ.’ ‘ಟೀಚರ್ ಶಿಕ್ಷಾಗೆ ಏನು ಕೊಟ್ಟರು?’ ಬೇಗ ಬೇಗ ಹೇಳುವಾಗ ದೀರ್ಘ ಸವೆಯುತ್ತದೆ, ‘ಶಿಕ್ಷಗೆ’ ಆಗುತ್ತದೆ. ಅಲ್ಲಿಂದ ‘ಶಿಕ್ಷೆಗೆ’ ದೂರವಿಲ್ಲ. ತರಗತಿಯ ತುಂಟರಿಗೆ ಅಷ್ಟು ಸಾಕು. ಆಶಾ ಪಾರಾಗುವುದು ಬೇಲಿಯ ಬಲದಿಂದಲ್ಲ. ಬೇಲಿಯಾಚೆ ಇರುವ ಆಸೆ ಅಷ್ಟೇನೂ ಕೆಟ್ಟದ್ದಲ್ಲ, ಅದಕ್ಕೆ. ಶಿಕ್ಷೆ ಹಾಗಲ್ಲ.

ಕೆಟ್ಟ ಅರ್ಥ ಪಕ್ಕದಲ್ಲೇ ಇದ್ದರೂ ಹೆಸರು ಬದುಕುವುದುಂಟು. ಮರಾಠಿಯಲ್ಲಿ ರಾಗ ಅಂದರೆ ಸಿಟ್ಟು, ಸಿಡುಕರಿಗೆ ‘ರಾಗೀಟ್’ ಅನ್ನುತ್ತಾರೆ. ಆದರೂ ಅಲ್ಲಿ ರಾಗಿಣಿ ಎಂಬ ಹೆಸರು ನಡೆಯುತ್ತದೆ. ಸಂಗೀತದ ರಾಗ, ರಾಗಿಣಿಯೂ ಅದೇ ಭಾಷೆಯಲ್ಲಿ ಜೀವಂತವಾಗಿವೆ, ಹೆಸರು ಅವುಗಳನ್ನು ಆತುಕೊಂಡು ನಿಲ್ಲುತ್ತದೆ. ಕನ್ನಡದಲ್ಲಿ ಶಿಕ್ಷಾ ಎಂಬ ಹೆಸರಿಗೆ ಹಾಗೆ ಆತುಕೊಳ್ಳಲು ಏನಿದೆ? ಶಿಕ್ಷಣ ಇದೆ, ಶಿಕ್ಷಕಿ ಇದೆ. ಆದರೆ ಕಿವಿ ಮೊದಲು ಹಿಡಿಯುವುದು ಹತ್ತಿರದ ಶಿಕ್ಷೆಯನ್ನೇ.

ಹಾಗಾಗಿ ಮಗು ಬೆಳೆಯುವುದು ಎಲ್ಲಿ ಎಂಬುದನ್ನು ಮೊದಲು ಮಾತಾಡಿಕೊಳ್ಳಿ. ಹಿಂದಿ ಮಾತಾಡುವವರ ನಡುವೆ ಆದರೆ ಸೊಸೆಯ ಆಯ್ಕೆಯೇ ಇರಲಿ, ಅಜ್ಜಿ ಮನೆಯಲ್ಲಿ ಮುದ್ದಿಗೆ ಬೇರೆ ಹೆಸರಲ್ಲಿ ಕರೆದುಕೊಳ್ಳಲಿ. ಕನ್ನಡದವರ ನಡುವೆ ಆದರೆ ನಾವು ಅಜ್ಜಿಯ ಪಕ್ಷ. ಸದ್ದು ಹೆಚ್ಚು ಬದಲಾಗಬಾರದು ಅಂದರೆ ದೀಕ್ಷಾ ಇದೆ. ಹಿಂದಿಯಲ್ಲೂ ಕನ್ನಡದಲ್ಲೂ ಅದರ ಅರ್ಥ ಒಂದೇ. ಓದಿನ ಅರ್ಥವೇ ಬೇಕು ಅಂದರೆ ವಿದ್ಯಾ ಇದ್ದಾಳೆ. ಹಳೇ ಹೆಸರು ಅಂತ ಸೊಸೆ ಮೂಗು ಮುರಿಯಬಹುದು, ಅದು ನಿಮ್ಮ ಪಾಡು.

ಶಿಕ್ಷಾ ಎಂದೇ ನಿರ್ಧಾರವಾದರೆ, ಜನನ ಪ್ರಮಾಣಪತ್ರದ ಕನ್ನಡ ಸಾಲಿನಲ್ಲಿ ಕೊನೆಯ ದೀರ್ಘ ಬಿದ್ದಿದೆಯಾ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ಇದು ನಮ್ಮ ಅನುಭವದ ಮಾತು. ಹಿಂದೊಮ್ಮೆ ನಮ್ಮ ಪತ್ರಿಕೆಯ ಮಕ್ಕಳ ಸ್ಪರ್ಧೆಯಲ್ಲಿ ಕ್ಷಮಾ ಎಂಬ ಹುಡುಗಿ ಗೆದ್ದಿದ್ದಳು. ಕರಡು ತಿದ್ದಿದವರು ಅದು ಅಚ್ಚಿನ ತಪ್ಪು ಎಂದುಕೊಂಡು ‘ಕ್ಷಮೆಗೆ ಎರಡನೇ ಬಹುಮಾನ’ ಎಂದು ತಿದ್ದಿಬಿಟ್ಟರು. ಮುಂದಿನ ಸಂಚಿಕೆಯಲ್ಲಿ ಕ್ಷಮಾಳ ಕ್ಷಮೆ ಕೇಳಿದೆವು. ನಿಮ್ಮ ಮೊಮ್ಮಗಳು ಮುಂದೆ ಬಹುಮಾನ ಗೆದ್ದಾಗ ‘ಶಿಕ್ಷೆಗೆ ಮೊದಲ ಬಹುಮಾನ’ ಎಂದು ಅಚ್ಚಾಗದ ಹಾಗೆ ಕರಡು ನಾವೇ ಖುದ್ದಾಗಿ ನೋಡುತ್ತೇವೆ.

— ಸಂಪಾದಕ